ರೆಪ್ಲಿಕಾ ನಿಂತಿದೆ, ಹೋಸ್ಟಿಂಗ್‌ನವರಿಗೆ ಈ ಮೇಲ್ ಕಳಿಸಲೇ? ಒಮ್ಮೆ ಓದಿ ಹೇಳಿ

ಗಿಣ್ಣು

ಎಲ್ಲರಿಗೂ ನಮಸ್ಕಾರ. ಹಾಲಿನ ಸೊಸೈಟಿಗಳ ಲೆಕ್ಕ ಬರೆಯುವ ಸಾಫ್ಟ್‌ವೇರ್ ನಮ್ಮದು. ಇಬ್ಬರೇ ಇರುವ ಕಂಪನಿ, ಕೋಡ್ ಬರೆಯುವವನೂ ನಾನೇ, ಸರ್ವರ್ ಕಾಯುವವನೂ ನಾನೇ. ಬೆಳಗ್ಗೆ ಮತ್ತು ಸಂಜೆ ಹಾಲು ಅಳೆಯುವ ಹೊತ್ತಿಗೆ ಮಾತ್ರ ನೂಕುನುಗ್ಗಲು, ಮಿಕ್ಕಂತೆ ಸರ್ವರ್ ತೂಕಡಿಸುತ್ತಿರುತ್ತದೆ.

ಒಂದೇ ಹೋಸ್ಟಿಂಗ್ ಕಂಪನಿಯಲ್ಲಿ ಎರಡು ವಿಎಂ ಇವೆ (ಕಂಪನಿ ಹೆಸರು ಬೇಡ). ಒಂದರಲ್ಲಿ ಪೋಸ್ಟ್‌ಗ್ರೆಸ್ 14 ಪ್ರೈಮರಿ, ಇನ್ನೊಂದರಲ್ಲಿ ಸ್ಟ್ಯಾಂಡ್‌ಬೈ, ನಡುವೆ ಅವರದೇ ಪ್ರೈವೇಟ್ ನೆಟ್‌ವರ್ಕ್. ಎರಡು ವರ್ಷ ಚಕಾರವೆತ್ತದೆ ಓಡಿದ್ದು ಬುಧವಾರದಿಂದ ನಿಂತಿದೆ. ಸಪೋರ್ಟ್‌ಗೆ ಎರಡು ಸಾಲು ಬರೆದೆ. 20 ನಿಮಿಷದಲ್ಲಿ "ಡೇಟಾಬೇಸ್ ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅಂತ ಟಿಕೆಟ್ ಮುಚ್ಚಿಬಿಟ್ಟರು. ಈ ಸಲ ಪೂರ್ತಿ ವಿವರ ಬರೆಯೋಣ ಅಂತ ಕೂತಿದ್ದೇನೆ. ಹೋಗುವುದು ಇಂಗ್ಲಿಷಿನಲ್ಲೇ, ಆದರೆ ಮೊದಲು ವಿಷಯ ಗಟ್ಟಿಯಾಗಲಿ ಅಂತ ಕನ್ನಡದಲ್ಲಿ ಇಲ್ಲಿ ಹಾಕಿದ್ದೇನೆ.

> ವಿಷಯ: ತುರ್ತು! ಡೇಟಾಬೇಸ್ ರೆಪ್ಲಿಕೇಶನ್ ಕೆಲಸ ಮಾಡುತ್ತಿಲ್ಲ
>
> ನಮ್ಮ ಪೋಸ್ಟ್‌ಗ್ರೆಸ್ ಸ್ಟ್ಯಾಂಡ್‌ಬೈ ಬುಧವಾರ ರಾತ್ರಿ 12:17ಕ್ಕೆ ನಿಂತುಹೋಯಿತು. ಅದೇ ಹೊತ್ತಿಗೆ, 12:15ಕ್ಕೆ, ನಮ್ಮ ಬ್ಯಾಕಪ್ ಕ್ರಾನ್ ಓಡುತ್ತದೆ, ಆಗ ಡಿಸ್ಕ್ ನಿಧಾನವಾಗಿ ಹೀಗಾಗಿರಬಹುದು. ನಿಮ್ಮ ಸ್ಟೋರೇಜ್ ಪರೀಕ್ಷಿಸಿ. ಸ್ಟ್ಯಾಂಡ್‌ಬೈ ಲಾಗ್ ಕೆಳಗಿದೆ.

```
2025-07-09 00:18:43 UTC FATAL:  terminating walreceiver due to timeout
2025-07-09 00:18:43 UTC LOG:  started streaming WAL from primary at 5C/A3000000 on timeline 1
2025-07-09 00:19:43 UTC FATAL:  terminating walreceiver due to timeout
2025-07-09 00:19:43 UTC LOG:  started streaming WAL from primary at 5C/A3000000 on timeline 1
```

> ಇದೇ ಸಾಲುಗಳು ಗಂಟೆಗಟ್ಟಲೆ ಬಂದಿವೆ. ಆಮೇಲೆ ಹೀಗಾಯಿತು:

```
FATAL:  could not receive data from WAL stream: ERROR:  requested WAL segment 000000010000005C000000A3 has already been removed
```

> ನಾವು ಮಾಡಿ ನೋಡಿದ್ದು: ಸ್ಟ್ಯಾಂಡ್‌ಬೈ ರೀಸ್ಟಾರ್ಟ್ ಮಾಡಿದೆವು. ಪ್ರೈಮರಿಯನ್ನೂ ಮಾಡಿದೆವು. ಪಿಂಗ್ ಬರುತ್ತಿದೆ. `psql` ಮೂಲಕ ಪ್ರೈವೇಟ್ ವಿಳಾಸದಲ್ಲಿ ಪ್ರೈಮರಿಗೆ ಲಾಗಿನ್ ಆಗುತ್ತಿದೆ. `wal_keep_size` 2 ಜಿಬಿ ಇದೆ. `pg_basebackup`ನಿಂದ ಸ್ಟ್ಯಾಂಡ್‌ಬೈ ಹೊಸದಾಗಿ ಕಟ್ಟಲು ಹೋದರೆ 0% ತೋರಿಸಿ ಅಲ್ಲೇ ನಿಂತಿತು. ಪಬ್ಲಿಕ್ ವಿಳಾಸದಲ್ಲಿ ಮಾಡಿದಾಗ 64 ಜಿಬಿ ಒಂದೂವರೆ ಗಂಟೆಯಲ್ಲಿ ಬಂತು. ವಾಪಸ್ ಪ್ರೈವೇಟ್ ವಿಳಾಸ ಹಾಕಿದ ಮೇಲೆ ಮತ್ತೆ ನಿಂತಿತು. ಕಾನ್ಫಿಗ್ ಹೀಗಿದೆ:

```
primary_conninfo = 'host=10.20.0.11 user=repl password=*****'
```

> ದಯವಿಟ್ಟು ಬೇಗ ಸರಿಪಡಿಸಿ.

ಇದರಲ್ಲಿ ಏನು ಸೇರಿಸಬೇಕು, ಏನು ತೆಗೆಯಬೇಕು?

(ತಿದ್ದುಪಡಿ: ಪಾಸ್‌ವರ್ಡ್ ಹಾಗೇ ಹಾಕಿಬಿಟ್ಟಿದ್ದೆ, ಅಳಿಸಿದ್ದೇನೆ. ಥ್ಯಾಂಕ್ಸ್ ಟಿಕೆಟ್‌ರಾಣಿ ಅವರೇ.)

ಟಿಕೆಟ್‌ರಾಣಿ

ಅಳಿಸಿದರೆ ಸಾಲದು, ಬದಲಾಯಿಸಿ. ಹತ್ತು ನಿಮಿಷ ಇಲ್ಲಿ ಬಟಾಬಯಲಾಗಿತ್ತು. ಮೊದಲ ಟಿಕೆಟ್ಟಿನಲ್ಲೂ ಇದೇ ಸಾಲು ಅಂಟಿಸಿದ್ದರೆ ಅದು ಅವರ ಕಡೆ ಎಷ್ಟು ಜನರ ಇನ್‌ಬಾಕ್ಸಿಗೆ ಹೋಗಿದೆ ಅಂತ ನಿಮಗೆ ತಿಳಿಯುವುದೂ ಇಲ್ಲ.

ಉದಯ ಧಾರವಾಡ

ನೋಡ್ರಿ, ಇದು ಹೋಸ್ಟಿಂಗ್‌ನವರ ತಪ್ಪಲ್ಲ. ಕೊನೀ ಸಾಲ್ ಓದ್ರಿ: `has already been removed` ಅಂತ ಐತಿ. ಅಂದ್ರ ಸ್ಟ್ಯಾಂಡ್‌ಬೈ ಕೇಳಿದ ಫೈಲ್ ಪ್ರೈಮರಿ ಅಳಿಸಿಬಿಟ್ಟದ. ನೀವು ರೆಪ್ಲಿಕೇಶನ್ ಸ್ಲಾಟ್ ಇಟ್ಟಿಲ್ಲ, ಅದಕ್ಕ ಹಿಂಗಾತು. ಒಂದ್ ಸ್ಲಾಟ್ ಮಾಡ್ರಿ, ಸ್ಟ್ಯಾಂಡ್‌ಬೈ ಓದೂತನಕ ಪ್ರೈಮರಿ ಒಂದ್ ಫೈಲೂ ಮುಟ್ಟಂಗಿಲ್ಲ. ಮೇಲ್ ಬರಿಯೂ ಗರಜೇ ಇಲ್ಲ.

ಕಡಲತಡಿ

ನಮ್ಮಲ್ಲಿ ಸಹ ಹೀಗೇ ಆಗಿತ್ತು ಮಾರಾಯ್ರೆ. 1236 ಅಂತ ಎರರ್ ಬರುತ್ತಿತ್ತು, ಬಿನ್‌ಲಾಗ್ ಸಿಗುತ್ತಿಲ್ಲ ಅಂತ. ಕಡೆಗೆ `sql_slave_skip_counter` 1 ಮಾಡಿ ಸ್ಟಾರ್ಟ್ ಕೊಟ್ಟದ್ದು, ಓಡಿತು. ನೀವೂ ಒಮ್ಮೆ ಮಾಡಿ ನೋಡಿ.

ಮೂರನೇ ಪಾಳಿ

ಕಡಲತಡಿ ಅವರೇ, ಅದು ಮೈಸೀಕ್ವೆಲ್. ಇವರದು ಪೋಸ್ಟ್‌ಗ್ರೆಸ್, ಆ ಸೆಟ್ಟಿಂಗ್ ಇಲ್ಲಿ ಇಲ್ಲವೇ ಇಲ್ಲ. ಅಂದಹಾಗೆ ಬಿನ್‌ಲಾಗ್ ಸಿಗದಿದ್ದಾಗ ಸ್ಕಿಪ್ ಕೌಂಟರ್‌ನಿಂದ ಓಡಿತು ಅಂದರೆ ನಿಮ್ಮ ರೆಪ್ಲಿಕಾದಲ್ಲಿ ಏನು ತಪ್ಪಿಹೋಗಿದೆ ಅಂತ ಒಮ್ಮೆ ಲೆಕ್ಕ ಹಾಕಿ. ನನಗೆ ಅದು ಸರಿ ಕಾಣುತ್ತಿಲ್ಲ.

ಉದಯ್ ಹೇಳಿದ್ದು ಅರ್ಧ ಸರಿ. ಸ್ಲಾಟ್ ಇದ್ದಿದ್ದರೆ ಫೈಲ್ ಉಳಿಯುತ್ತಿತ್ತು, ಹೊಸದಾಗಿ ಕಟ್ಟುವ ಶ್ರಮ ತಪ್ಪುತ್ತಿತ್ತು. ಆದರೆ ಆ ಸಾಲು ಕಾಯಿಲೆಯಲ್ಲ, ಸಾವಿನ ಸರ್ಟಿಫಿಕೇಟು. ಕಾಯಿಲೆ ಅದಕ್ಕೆ ಎಷ್ಟೋ ಗಂಟೆ ಮೊದಲೇ ಶುರುವಾಗಿದೆ. ಮೇಲಿನ ನಾಲ್ಕು ಸಾಲು ಮತ್ತೆ ನೋಡಿ. ಪ್ರತಿ ಸಲ `5C/A3000000`, ಒಂದು ಹೆಜ್ಜೆಯೂ ಮುಂದಿಲ್ಲ. ಪ್ರತಿ ಸಲ ಸರಿಯಾಗಿ 60 ಸೆಕೆಂಡು, ಅದು `wal_receiver_timeout`ನ ಡೀಫಾಲ್ಟ್ ಬೆಲೆ. ಅಂದರೆ ಕನೆಕ್ಷನ್ ಆಗುತ್ತಿದೆ, ಪಾಸ್‌ವರ್ಡ್ ಒಪ್ಪಿಗೆಯಾಗುತ್ತಿದೆ, "ಇಲ್ಲಿಂದ ಕೊಡು" ಅಂತ ಕೇಳುವುದೂ ಆಗುತ್ತಿದೆ. ಆಮೇಲೆ ಒಂದು ನಿಮಿಷ ಒಂದೇ ಒಂದು ಬೈಟೂ ಬರುತ್ತಿಲ್ಲ. ಡಿಸ್ಕ್ ನಿಧಾನವಾಗಿದ್ದರೆ ಕುಂಟುತ್ತಾದರೂ ಮುಂದೆ ಹೋಗುತ್ತಿತ್ತು.

ಗಿಣ್ಣು, ಎರಡು ಪ್ರಶ್ನೆ. ಅದೇ ಹೊತ್ತಿನ ಪ್ರೈಮರಿ ಲಾಗ್‌ನಲ್ಲಿ ಏನಿದೆ? ಮತ್ತೆ ನಿಮ್ಮ ಕ್ರಾನ್ ಓಡುವುದು ಯಾವ 12:15ಕ್ಕೆ?

ಗಿಣ್ಣು

ಪ್ರೈಮರಿ ಲಾಗ್‌ನಲ್ಲಿ ಏನೂ ಇಲ್ಲ ಸರ್. ಅದೇ ನನಗೂ ವಿಚಿತ್ರ. ಒಂದು ಟೈಮ್‌ಔಟ್ ಸಾಲೂ ಇಲ್ಲ.

ಯಾವ 12:15 ಅಂದರೆ? ರಾತ್ರಿ 12:15.

ಟಿಕೆಟ್‌ರಾಣಿ

ನಿಮ್ಮ ಲಾಗ್‌ನಲ್ಲಿ ಯುಟಿಸಿ ಅಂತ ಇದೆಯಲ್ಲ! 00:17 ಅಂದರೆ ನಮಗೆ ಬೆಳಗ್ಗೆ 5:47. ಕ್ರಾನ್ ನಮ್ಮ ಸಮಯಕ್ಕೆ ಓಡುತ್ತಿದ್ದರೆ ಎರಡಕ್ಕೂ ಸಂಬಂಧವೇ ಇಲ್ಲ.

ಗಿಣ್ಣು

ಅಯ್ಯೋ ದೇವರೇ. ಆ್ಯಪ್ ಸರ್ವರ್‌ನ ಗಡಿಯಾರ ನಮ್ಮ ಸಮಯದ್ದು, ಕ್ರಾನ್ ಓಡುವುದು ಅಲ್ಲಿಂದ. ಡೇಟಾಬೇಸ್ ವಿಎಂ ಯುಟಿಸಿ. ಎರಡು ದಿನದಿಂದ ಬ್ಯಾಕಪ್ ಸ್ಕ್ರಿಪ್ಟಿಗೆ ಬೈಯುತ್ತಾ ಕೂತಿದ್ದೆ.

5:47 ಅಂದರೆ ಮೊದಲ ಸೊಸೈಟಿಗಳು ಹಾಲು ಅಳೆಯಲು ಶುರು ಮಾಡುವ ಹೊತ್ತು. ಅದಕ್ಕಿಂತ ಮುಖ್ಯವಾಗಿ, ಈಗ ಇನ್‌ಬಾಕ್ಸ್ ಕೆದಕಿದೆ: ಹೋಸ್ಟಿಂಗ್‌ನವರ ಒಂದು ಮೇಂಟೆನೆನ್ಸ್ ನೋಟಿಸ್ ಇದೆ. ಮಂಗಳವಾರ 22:30ರಿಂದ 00:30 ಯುಟಿಸಿ, ಕೆಲವು ವಿಎಂಗಳನ್ನು ಹೊಸ ಹೋಸ್ಟಿಗೆ ಸಾಗಿಸುತ್ತೇವೆ, ಸೇವೆಗೆ ಅಡ್ಡಿಯಾಗದು ಅಂತ. ನಮ್ಮ ಲೆಕ್ಕದಲ್ಲಿ ಬೆಳಗಿನ ಜಾವ 4ರಿಂದ 6. ಪಟ್ಟಿಯಲ್ಲಿ ಸ್ಟ್ಯಾಂಡ್‌ಬೈ ಇದೆ, ಪ್ರೈಮರಿ ಇಲ್ಲ.

ಮೂರನೇ ಪಾಳಿ

ಈಗ ದಾರಿಗೆ ಬಂತು. ನಿಮ್ಮ ಮೇಲ್‌ನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಾಲನ್ನು ತಳದಲ್ಲಿ ಹೂತಿಟ್ಟಿದ್ದೀರಿ: ಪ್ರೈವೇಟ್ ವಿಳಾಸದಲ್ಲಿ ಬೇಸ್‌ಬ್ಯಾಕಪ್ 0%, ಪಬ್ಲಿಕ್ ವಿಳಾಸದಲ್ಲಿ 64 ಜಿಬಿ ಸಲೀಸು. ಅವೇ ಎರಡು ಯಂತ್ರ, ಅದೇ ಪೋಸ್ಟ್‌ಗ್ರೆಸ್, ಅದೇ ಡಿಸ್ಕ್. ಬದಲಾಗಿದ್ದು ದಾರಿ ಮಾತ್ರ.

ಪಿಂಗ್ ಬರುತ್ತದೆ, ಲಾಗಿನ್ ಆಗುತ್ತದೆ ಅಂದಿರಿ. ಅವೆಲ್ಲ ಚಿಕ್ಕ ಪ್ಯಾಕೆಟ್. ಬರದಿರುವುದು ದೊಡ್ಡವು ಅನ್ನಿಸುತ್ತಿದೆ. ಪ್ರೈಮರಿಯಿಂದ ಇವೆರಡು ಓಡಿಸಿ:

```
ping -M do -c 4 -s 1422 10.20.0.12
ping -M do -c 4 -s 1472 10.20.0.12
```

`-M do` ಅಂದರೆ ದಾರಿಯಲ್ಲಿ ಯಾರೂ ಪ್ಯಾಕೆಟ್ ಒಡೆಯಕೂಡದು. ತಲೆಕಟ್ಟುಗಳ 28 ಬೈಟ್ ಸೇರಿದರೆ ಮೊದಲನೆಯದು 1450, ಎರಡನೆಯದು 1500. ಜೊತೆಗೆ ರೆಪ್ಲಿಕೇಶನ್ ಸಿಕ್ಕಿಕೊಂಡಿರುವ ಆ ಒಂದು ನಿಮಿಷದ ಒಳಗೇ ಪ್ರೈಮರಿಯಲ್ಲಿ `ss -tino` ಕೊಟ್ಟು 5432ರ ಸಾಲು ತೋರಿಸಿ.

ಗಿಣ್ಣು

1422 ನಾಲ್ಕಕ್ಕೆ ನಾಲ್ಕೂ ಬಂತು. 1472 ಒಂದೂ ಇಲ್ಲ, 100% ನಷ್ಟ. ಎರರ್ ಕೂಡ ತೋರಿಸಲಿಲ್ಲ, ಸುಮ್ಮನೆ ಮೌನ. ಮಧ್ಯದ ಸಂಖ್ಯೆಗಳನ್ನು ಹಾಕುತ್ತಾ ಬಂದೆ, 1422 ದಾಟುತ್ತದೆ, 1423 ದಾಟುವುದಿಲ್ಲ. ಕೂದಲೆಳೆಯಷ್ಟು ನಿಖರ.

```
ESTAB 0 318560 10.20.0.11:5432 10.20.0.12:41876
  rto:25728 backoff:7 mss:1448 pmtu:1500 retrans:1/8 unacked:10
```

`tcpdump` ಕೂಡ ಹಾಕಿದೆ. ಪ್ರೈಮರಿಯಲ್ಲಿ `length 14480` ಅಂತೆಲ್ಲ ಬರುತ್ತಿದೆ.

ಉದಯ ಧಾರವಾಡ

ಸಿಕ್ತು ನೋಡ್ರಿ! 14480 ಬೈಟಿನ ಪ್ಯಾಕೆಟ್ ಕಳಸ್ತೀರಿ, 1500ರ ದಾರ್ಯಾಗ ಹೆಂಗ್ ಹಿಡಿಸ್ತದ? ಜಂಬೋ ಫ್ರೇಮ್ ಆಫ್ ಮಾಡ್ರಿ.

ಮೂರನೇ ಪಾಳಿ

ಅಲ್ಲ ಉದಯ್, ಅದು ಎಲ್ಲರನ್ನೂ ಒಮ್ಮೆಯಾದರೂ ಬೀಳಿಸುವ ಹೊಂಡ. ನಾನೂ ಬಿದ್ದಿದ್ದೇನೆ. ಕರ್ನಲ್ ದೊಡ್ಡ ಗಂಟನ್ನೇ ಕಾರ್ಡಿಗೆ ಕೊಡುತ್ತದೆ, ಕತ್ತರಿಸುವುದು ಕಾರ್ಡಿನ ಕೆಲಸ. `tcpdump` ನೋಡುವುದು ಕತ್ತರಿಸುವ ಮುಂಚೆ. 14480 ಅಂದರೆ 1448ರ ಹತ್ತು ತುಂಡು, ಅಷ್ಟೇ. ತಂತಿಯ ಮೇಲೆ ಹೋಗುವುದು 1500 ಬೈಟಿನವೇ.

`ss` ಸಾಲೇ ಪೂರ್ತಿ ಕಥೆ ಹೇಳುತ್ತಿದೆ. ಸುಮಾರು 3 ಲಕ್ಷ ಬೈಟ್ ಕಳಿಸಲು ಸಾಲುಗಟ್ಟಿ ನಿಂತಿದೆ. ಮೊದಲ ಹತ್ತು ತುಂಡಿಗೇ ರಸೀದಿ ಬಂದಿಲ್ಲ. ಕರ್ನಲ್ ಮತ್ತೆ ಮತ್ತೆ ಕಳಿಸುತ್ತಿದೆ, ಪ್ರತಿ ಸೋಲಿಗೂ ಕಾಯುವ ಹೊತ್ತು ದುಪ್ಪಟ್ಟು. 0.2 ಸೆಕೆಂಡಿನಿಂದ ಹೊರಟದ್ದು ಈಗ 25 ಸೆಕೆಂಡಿಗೆ ಮುಟ್ಟಿದೆ. `pmtu:1500`, ಅಂದರೆ ದಾರಿ ಚಿಕ್ಕದಾಗಿದೆ ಅಂತ ಅದಕ್ಕೆ ಯಾರೂ ಹೇಳಿಲ್ಲ.

1450ಕ್ಕೆ ಸರಿಯಾಗಿ ಕತ್ತರಿಸಿದಂತೆ ನಿಂತಿದೆ ಅಂದರೆ ನನ್ನ ಊಹೆ ವಿಎಕ್ಸ್‌ಲ್ಯಾನ್. ಅದರ ಹೊದಿಕೆಗೆ 50 ಬೈಟ್ ಬೇಕು, 1500ರಲ್ಲಿ ಅದು ಹೋದರೆ ಉಳಿಯುವುದು 1450. ಹೊಸ ಹೋಸ್ಟ್‌ಗಳಲ್ಲಿ ಪ್ರೈವೇಟ್ ನೆಟ್‌ವರ್ಕನ್ನು ಹಾಗೆ ಕಟ್ಟಿರಬೇಕು, ಕೆಳಗಿನ ತಂತಿಯ ಎಂಟಿಯು ಏರಿಸಲು ಮರೆತಿರಬೇಕು. ಇದು ಊಹೆ. ಮೇಲ್‌ನಲ್ಲಿ ಹಾಗೆ ಬರೆಯಬೇಡಿ, ಅಳೆದಿದ್ದನ್ನಷ್ಟೇ ಬರೆಯಿರಿ.

ಪ್ರೈಮರಿ ಲಾಗ್ ಯಾಕೆ ಮೌನ ಅಂತ ನಿಮಗೆ ವಿಚಿತ್ರ ಅನಿಸಿತಲ್ಲ? ಸ್ಟ್ಯಾಂಡ್‌ಬೈ ಪ್ರತಿ 10 ಸೆಕೆಂಡಿಗೆ "ಇಲ್ಲಿಯವರೆಗೆ ಮುಟ್ಟಿದೆ" ಅಂತ ಪುಟ್ಟ ಚೀಟಿ ಕಳಿಸುತ್ತಿರುತ್ತದೆ. ಅದು ಚಿಕ್ಕದು, ದಾಟುತ್ತದೆ. ಹಾಗಾಗಿ ಪ್ರೈಮರಿಯ ಕಣ್ಣಿಗೆ ಸ್ಟ್ಯಾಂಡ್‌ಬೈ ಬದುಕೇ ಇದೆ. ಇತ್ತ ಪ್ರೈಮರಿಯೂ ಚಿಕ್ಕ ಚೀಟಿ ಕಳಿಸಬಹುದು, ಆದರೆ ಟಿಸಿಪಿಯಲ್ಲಿ ಸರತಿ ಮುರಿಯುವಂತಿಲ್ಲ. ಮುಂದೆ ಸಿಕ್ಕಿಬಿದ್ದ ದೊಡ್ಡ ಪ್ಯಾಕೆಟ್ಟಿನ ಹಿಂದೆ ಅದೂ ನಿಲ್ಲಬೇಕು. ಅದಕ್ಕೇ ಸ್ಟ್ಯಾಂಡ್‌ಬೈಗೆ ಮಾತ್ರ ಉಸಿರು ಕಟ್ಟಿದ್ದು.

ಭದ್ರಾ

ಒಂದು ಗೊತ್ತಾಗಲಿಲ್ಲ. ವಿಎಂ ಸಾಗಿಸಿದ ಕೂಡಲೇ ಯಾಕೆ ನಿಲ್ಲಲಿಲ್ಲ? 5:47ರ ತನಕ ಹೇಗೆ ಓಡುತ್ತಿತ್ತು?

ಮೂರನೇ ಪಾಳಿ

ಒಳ್ಳೆ ಪ್ರಶ್ನೆ. ಲೈವ್ ಮೈಗ್ರೇಶನ್‌ನಲ್ಲಿ ಟಿಸಿಪಿ ಕನೆಕ್ಷನ್ ಕಡಿಯುವುದಿಲ್ಲ. ಇವರ ಡೇಟಾಬೇಸ್ ಆ ಹೊತ್ತಿಗೆ ಮಲಗಿರುತ್ತದೆ, ಹೋಗುತ್ತಿದ್ದುದು ಚಿಲ್ಲರೆ ಮಾತ್ರ. ಬೆಳಗ್ಗೆ ಮೊದಲ ಸೊಸೈಟಿ ಮೊದಲ ಕ್ಯಾನ್ ನಮೂದಿಸಿತು ಅಂತಿಟ್ಟುಕೊಳ್ಳಿ. ಚೆಕ್‌ಪಾಯಿಂಟ್ ಆದ ಮೇಲೆ ಯಾವುದೇ ಪುಟ ಮೊದಲ ಸಲ ಬದಲಾದಾಗ ಪೋಸ್ಟ್‌ಗ್ರೆಸ್ ಆ ಪೂರ್ತಿ ಪುಟವನ್ನೇ ವಾಲ್‌ಗೆ ಬರೆಯುತ್ತದೆ. ಪುಟ 8 ಕೆಬಿ. ಒಂದು ಲೀಟರ್ ಹಾಲಿನ ಲೆಕ್ಕಕ್ಕೂ 8 ಕೆಬಿ. ಅದು 1450ರಲ್ಲಿ ಹಿಡಿಯಲಿಲ್ಲ, ಅಲ್ಲಿಗೆ ಮುಗಿಯಿತು. ಆಮೇಲೆ ಪ್ರತಿ ಸಲ ಕನೆಕ್ಟ್ ಆದಾಗಲೂ ಸೆಗ್ಮೆಂಟಿನ ಆರಂಭದಿಂದ ಕೇಳುತ್ತದೆ, ಮೊದಲ ತುಂಡೇ ದೊಡ್ಡದು.

ಉದಯ ಧಾರವಾಡ

ಹಂಗಾದ್ರ ನಿಮ್ ಫೈರ್‌ವಾಲ್‌ನ್ಯಾಗ ಐಸಿಎಂಪಿ ಬ್ಲಾಕ್ ಆಗಿರಬೇಕು. "ದೊಡ್ಡದಾತು, ಸಣ್ಣದು ಕಳಿಸು" ಅನ್ನೂ ಸಂದೇಶ ಬರಲಿಕ್ಕೆ ಅದು ತೆರೆದಿರಬೇಕಲ್ಲ.

ಮೂರನೇ ಪಾಳಿ

ಮಧ್ಯೆ ರೌಟರ್ ಇದ್ದರೆ ನಿಮ್ಮ ಮಾತು ಸೋಳಾಣೆ ಸರಿ. ಇಲ್ಲಿ ಎರಡೂ ವಿಎಂ ಒಂದೇ ಸಬ್‌ನೆಟ್‌ನಲ್ಲಿವೆ. ನಡುವೆ ಇರುವುದು ಸ್ವಿಚ್ಚಿನಂಥ ವಸ್ತು, ಅದು ದೊಡ್ಡ ಫ್ರೇಮನ್ನು ಸುಮ್ಮನೆ ಬಿಸಾಡುತ್ತದೆ, ಯಾರಿಗೂ ಹೇಳುವುದಿಲ್ಲ. ಐಸಿಎಂಪಿ ತೆರೆದಿಟ್ಟರೂ ಕಳಿಸುವವರೇ ಇಲ್ಲ.

ಟಿಕೆಟ್‌ರಾಣಿ

ಈಗ ಮೇಲ್ ಬಗ್ಗೆ ಮಾತಾಡೋಣ. ಬೇರೆ ಒಂದು ಹೋಸ್ಟಿಂಗ್ ಕಂಪನಿಯ ಸಪೋರ್ಟ್ ಮೇಜಿನಲ್ಲಿ ನಾಲ್ಕು ವರ್ಷ ಕೂತಿದ್ದವಳು ನಾನು. ಮೊದಲ ಸಾಲಿನಲ್ಲಿ ಇರುವವರಿಗೆ ಒಂದು ಟಿಕೆಟ್ ಓದಲು ಸಿಗುವುದು ಎರಡು ನಿಮಿಷ. ಅವರು ವಿಷಯದ ಸಾಲು ನೋಡಿ ಅದನ್ನು ಯಾವ ಗೂಡಿಗೆ ಹಾಕಬೇಕು ಅಂತ ತೀರ್ಮಾನಿಸುತ್ತಾರೆ. "ಡೇಟಾಬೇಸ್" ಅಂತ ಕಂಡರೆ, ನಿಮ್ಮದು ಮ್ಯಾನೇಜ್ಡ್ ಪ್ಲಾನ್ ಅಲ್ಲ ಅಂದರೆ, ಒಂದು ಸಿದ್ಧ ಉತ್ತರ ಇರುತ್ತದೆ. ನಿಮಗೆ 20 ನಿಮಿಷದಲ್ಲಿ ಬಂದದ್ದು ಅದೇ. ದುರುದ್ದೇಶವಲ್ಲ, ಹಾಗೇ ಕಲಿಸಿರುತ್ತಾರೆ.

"ಸ್ಟೋರೇಜ್ ಪರೀಕ್ಷಿಸಿ" ಅಂತ ಬರೆದರೆ ಇನ್ನೂ ಕೆಟ್ಟದು. ಅವರು ಸ್ಟೋರೇಜ್ ಗ್ರಾಫ್ ನೋಡಿ "ಎಲ್ಲ ಸರಿಯಾಗಿದೆ" ಅಂತ ಮುಚ್ಚುತ್ತಾರೆ. ನೀವು ಕೇಳಿದ್ದಕ್ಕೆ ಉತ್ತರ ಕೊಟ್ಟಂತೆಯೇ ಆಯಿತಲ್ಲ.

ನಿಮ್ಮ ಬಳಿ ಈಗ ಪೋಸ್ಟ್‌ಗ್ರೆಸ್ ಹೆಸರೇ ಎತ್ತದೆ ತೋರಿಸಬಹುದಾದ ದೋಷ ಇದೆ. ಎರಡು ಪಿಂಗ್. ಯಾರು ಬೇಕಾದರೂ ಓಡಿಸಿ ನೋಡಬಹುದು, ನೆಟ್‌ವರ್ಕ್ ತಂಡದವರು ಅಲ್ಲಗಳೆಯಲಾರರು. ಅದನ್ನು ಮೊದಲಿಗೆ ಇಡಿ. ಪೋಸ್ಟ್‌ಗ್ರೆಸ್ ಲಾಗ್ ಕೊನೆಗೆ ಎರಡು ಸಾಲು ಸಾಕು, ನಿಮಗೆ ಏನು ತೊಂದರೆಯಾಗುತ್ತಿದೆ ಅಂತ ತೋರಿಸಲು. ವಿಷಯದಲ್ಲಿ "ತುರ್ತು" ತೆಗೆಯಿರಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಸಮಯವನ್ನು ಯುಟಿಸಿಯಲ್ಲೇ ಕೊಡಿ, ಅವರ ಗ್ರಾಫ್‌ಗಳು ಯುಟಿಸಿಯಲ್ಲಿ ಇರುತ್ತವೆ.

ಮತ್ತೆ ರೀಸ್ಟಾರ್ಟ್ ಮಾಡಿದೆವು ಅನ್ನುವುದನ್ನು ತೆಗೆಯಬೇಡಿ. ಅದಿಲ್ಲದಿದ್ದರೆ ಮೊದಲ ಉತ್ತರ "ರೀಸ್ಟಾರ್ಟ್ ಮಾಡಿ ನೋಡಿ" ಅಂತಲೇ ಬರುತ್ತದೆ, ಒಂದು ದಿನ ಹೋಗುತ್ತದೆ.

ಮೂರನೇ ಪಾಳಿ

ಒಂದು ಸೇರಿಸಿ. ಪಿಂಗ್ ಹೋಗಿ ಬರುವ ವ್ಯವಹಾರ, ಹೋಗುವಾಗ ಬಿತ್ತೋ ಬರುವಾಗ ಬಿತ್ತೋ ಅದರಿಂದ ತಿಳಿಯದು. ಸ್ಟ್ಯಾಂಡ್‌ಬೈನಲ್ಲಿ `tcpdump -ni eth1 icmp` ಹಾಕಿಟ್ಟು ಪ್ರೈಮರಿಯಿಂದ 1472 ಕಳಿಸಿ. ಅಲ್ಲಿ ಕೋರಿಕೆ ಕಾಣದಿದ್ದರೆ ಹೋಗುವ ದಾರಿಯಲ್ಲೇ ಬಿದ್ದಿದೆ. ಹಾಗೆಯೇ ತಿರುವುಮುರುವು ಮಾಡಿ ನೋಡಿ. ಈ ಎರಡು ವಾಕ್ಯ ಇದ್ದರೆ ನೆಟ್‌ವರ್ಕ್ ತಂಡಕ್ಕೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಗಿಣ್ಣು

ಎರಡೂ ದಿಕ್ಕಿನಲ್ಲಿ ಕೋರಿಕೆಯೇ ತಲುಪುತ್ತಿಲ್ಲ. ಹೀಗೆ ಕಳಿಸಿದೆ:

> ವಿಷಯ: ಪ್ರೈವೇಟ್ ನೆಟ್‌ವರ್ಕ್: 10.20.0.11 ಮತ್ತು 10.20.0.12 ನಡುವೆ 1450 ಬೈಟ್ ಮೀರಿದ ಪ್ಯಾಕೆಟ್ ತಲುಪುತ್ತಿಲ್ಲ (ಜುಲೈ 8ರ ಮೇಂಟೆನೆನ್ಸ್ ನಂತರ)
>
> ಜುಲೈ 8, 22:30 ಯುಟಿಸಿಯ ಮೇಂಟೆನೆನ್ಸ್‌ನಲ್ಲಿ 10.20.0.12 ವಿಎಂ ಹೊಸ ಹೋಸ್ಟಿಗೆ ಹೋಗಿದೆ. ಅಲ್ಲಿಂದೀಚೆಗೆ ಈ ಎರಡು ವಿಎಂಗಳ ನಡುವೆ 1450 ಬೈಟಿನ ಐಪಿ ಪ್ಯಾಕೆಟ್ ದಾಟುತ್ತದೆ, 1451ರದು ದಾಟುವುದಿಲ್ಲ. ಎರಡೂ ಕಡೆ ಇಂಟರ್ಫೇಸ್ ಎಂಟಿಯು 1500. ಎರಡೂ ದಿಕ್ಕಿನಲ್ಲಿ ಎದುರು ವಿಎಂನ `tcpdump`ನಲ್ಲಿ ಪ್ಯಾಕೆಟ್ ಕಾಣುವುದಿಲ್ಲ, ಐಸಿಎಂಪಿ ದೋಷವೂ ಬರುವುದಿಲ್ಲ. ನೀವೇ ಪರೀಕ್ಷಿಸಲು ಎರಡು ಕಮಾಂಡ್ ಮತ್ತು ನಮಗೆ ಬಂದ ಉತ್ತರ ಕೆಳಗಿವೆ.
>
> ಪಬ್ಲಿಕ್ ನೆಟ್‌ವರ್ಕ್‌ನಲ್ಲಿ ಇದೇ ವಿಎಂಗಳ ನಡುವೆ 1500 ದಾಟುತ್ತದೆ, 64 ಜಿಬಿ ವರ್ಗಾವಣೆ ತೊಂದರೆಯಿಲ್ಲದೆ ಮುಗಿದಿದೆ. ಎರಡೂ ವಿಎಂಗಳಲ್ಲಿ ಸೇವೆ ರೀಸ್ಟಾರ್ಟ್ ಮಾಡಿದ್ದೇವೆ, ಫಲ ಇಲ್ಲ. ಇದರಿಂದ ನಮ್ಮ ರೆಪ್ಲಿಕೇಶನ್ ಜುಲೈ 9, 00:17 ಯುಟಿಸಿಯಿಂದ ನಿಂತಿದೆ.
>
> ಕೇಳುವುದು ಇಷ್ಟು: ಈ ಪ್ರೈವೇಟ್ ನೆಟ್‌ವರ್ಕ್‌ನ ಎಂಟಿಯು ಎಷ್ಟು? 1500 ಅಂತಾದರೆ ದಾರಿ ಸರಿಪಡಿಸಿ. ಕಡಿಮೆ ಅಂತಾದರೆ ಸಂಖ್ಯೆ ತಿಳಿಸಿ, ನಾವು ಹೊಂದಿಸಿಕೊಳ್ಳುತ್ತೇವೆ.

ಕೊನೆಯ ಪ್ರಶ್ನೆ ಮೂರನೇ ಪಾಳಿ ಅವರು ಖಾಸಗಿಯಾಗಿ ಹೇಳಿಕೊಟ್ಟದ್ದು.

ಟಿಕೆಟ್‌ರಾಣಿ

ಇದನ್ನು ಯಾರೂ ಮುಚ್ಚಲಾರರು. ಒಂದು ಸಂಖ್ಯೆ ಹೇಳಲೇಬೇಕಾದ ಪ್ರಶ್ನೆ ಇದೆ.

ಭದ್ರಾ

ಉತ್ತರ ಬರುವ ತನಕ ಏನು ಮಾಡುತ್ತೀರಿ? ಪ್ರೈಮರಿ ಸತ್ತರೆ ಜನರ ಹಾಲಿನ ದುಡ್ಡು.

ಮೂರನೇ ಪಾಳಿ

ಎರಡು ದಾರಿ ಇದೆ. ಪಬ್ಲಿಕ್ ವಿಳಾಸದಲ್ಲೇ ರೆಪ್ಲಿಕೇಶನ್ ಓಡಿಸಿ, `sslmode=require` ಹಾಕಿ, `pg_hba.conf`ನಲ್ಲಿ `hostssl` ಸಾಲಷ್ಟೇ ಇರಲಿ. ಇಲ್ಲವೇ ಸ್ಟ್ಯಾಂಡ್‌ಬೈ ಕಡೆ ಹೀಗೆ:

```
ip link set dev eth1 mtu 1450
```

ಒಂದೇ ಕಡೆ ಮಾಡಿದರೂ ಟಿಸಿಪಿಗೆ ಸಾಕು. ಕನೆಕ್ಷನ್ ಕಟ್ಟುವಾಗ "ಇಷ್ಟಕ್ಕಿಂತ ದೊಡ್ಡದು ಕಳಿಸಬೇಡ" ಅಂತ ಸ್ಟ್ಯಾಂಡ್‌ಬೈ ಹೇಳುತ್ತದೆ, ಪ್ರೈಮರಿ ಕೇಳುತ್ತದೆ. ಹಳೆ ಕನೆಕ್ಷನ್‌ಗೆ ಇದು ತಟ್ಟುವುದಿಲ್ಲ, ಹೊಸದಾಗಿ ಕಟ್ಟಬೇಕು. ನಿಮ್ಮದು ನಿಮಿಷಕ್ಕೊಂದು ಸಲ ಸತ್ತು ಹುಟ್ಟುತ್ತಿದೆಯಲ್ಲ, ಅದರ ಚಿಂತೆ ಬೇಡ. ಟಿಸಿಪಿ ಅಲ್ಲದ್ದು ಏನಾದರೂ ಆ ದಾರಿಯಲ್ಲಿ ಓಡುತ್ತಿದ್ದರೆ ಮಾತ್ರ ಎರಡೂ ಕಡೆ ಮಾಡಿ.

ಗಿಣ್ಣು

ಮಾಡಿದೆ. ಎಂಟರ್ ಒತ್ತಿ ಲಾಗ್ ನೋಡುತ್ತಾ ಕೂತೆ. ಒಂದು ಟೈಮ್‌ಔಟ್ ಬಂತು, `started streaming` ಬಂತು, ಆಮೇಲೆ ಏನೂ ಬರಲಿಲ್ಲ. ಎರಡು ದಿನದಲ್ಲಿ ಮೊದಲ ಸಲ ಲಾಗ್ ಸುಮ್ಮನಿದ್ದದ್ದು ನೋಡಿ ಖುಷಿಯಾಯಿತು. ಏಳೆಂಟು ನಿಮಿಷದಲ್ಲಿ ಪ್ರೈಮರಿಯ ಜೊತೆ ಸಮಕ್ಕೆ ಬಂತು.

ಗಿಣ್ಣು

ಮಾರನೆ ದಿನದ ವಿಷಯ. ಉತ್ತರ ಬಂತು, ಈ ಸಲ ನೆಟ್‌ವರ್ಕ್ ತಂಡದಿಂದಲೇ. ಸಾರಾಂಶ: ಹೊಸ ಪ್ಲಾಟ್‌ಫಾರ್ಮ್‌ನಲ್ಲಿ ಪ್ರೈವೇಟ್ ನೆಟ್‌ವರ್ಕ್ ಎಂಟಿಯು 1450. ಡಿಎಚ್‌ಸಿಪಿ ಮೂಲಕ ಇದು ತಾನಾಗಿ ಸಿಗುತ್ತದೆ, ಸ್ಟ್ಯಾಟಿಕ್ ವಿಳಾಸ ಹಾಕಿಕೊಂಡವರು ಕೈಯಾರೆ ಹೊಂದಿಸಿಕೊಳ್ಳಬೇಕು. ನಮ್ಮದು ಸ್ಟ್ಯಾಟಿಕ್.

ಭದ್ರಾ

ಅದನ್ನು ಮೇಂಟೆನೆನ್ಸ್ ನೋಟಿಸ್‌ನಲ್ಲಿ ಹೇಳಬೇಕಿತ್ತಲ್ಲ! "ಸೇವೆಗೆ ಅಡ್ಡಿಯಾಗದು" ಅಂತೆ.

ಮೂರನೇ ಪಾಳಿ

ಹೇಳಬೇಕಿತ್ತು. ಡಿಎಚ್‌ಸಿಪಿ ಇದ್ದಿದ್ದರೂ ಲೀಸ್ ನವೀಕರಣ ಆಗುವ ತನಕ, ಅಥವಾ ರೀಬೂಟ್ ತನಕ, 1500 ಹಾಗೇ ಇರುತ್ತಿತ್ತು, ಹಾಗಾಗಿ ಅವರ ಮಾತು ಪೂರ್ತಿ ನಿಲ್ಲುವುದಿಲ್ಲ. ಕೆಳಗಿನ ತಂತಿ 1550 ಇಟ್ಟಿದ್ದರೆ ಗ್ರಾಹಕರು ಏನೂ ಮುಟ್ಟಬೇಕಿರಲಿಲ್ಲ. ಗಿಣ್ಣು, ನೆಟ್‌ಪ್ಲಾನ್ ಫೈಲ್‌ನಲ್ಲಿ `mtu: 1450` ಬರೆದಿಡಿ, ಇಲ್ಲದಿದ್ದರೆ ಮುಂದಿನ ರೀಬೂಟಿಗೆ ಮತ್ತೆ ಇದೇ ಹಾಡು. ಪ್ರೈಮರಿಯಲ್ಲೂ ಬರೆಯಿರಿ, ಅದನ್ನೂ ಒಂದು ದಿನ ಸಾಗಿಸುತ್ತಾರೆ.

ಉದಯ ಧಾರವಾಡ

ಎಲ್ಲಾ ಖರೆ. ಆದ್ರ ನಾ ಅಂದಿದ್ದ ಸ್ಲಾಟ್ ಇನ್ನೂ ಮಾಡಿಲ್ಲ ನೀವು. ಅದಿದ್ರ ಬೇಸ್‌ಬ್ಯಾಕಪ್ ಮಾಡೂ ಪ್ರಮೇಯ ಬರ್ತಿರಲಿಲ್ಲ, 1450 ಹಾಕಿದ ಕೂಡ್ಲೇ ಬಿಟ್ಟಲ್ಲಿಂದ ಹಿಡೀತಿತ್ತು.

ಮೂರನೇ ಪಾಳಿ

ಒಪ್ಪುತ್ತೇನೆ, ಆದರೆ ಬರೀ ಸ್ಲಾಟ್ ಇಟ್ಟು ಮಲಗಿದರೆ ಸ್ಟ್ಯಾಂಡ್‌ಬೈ ನಿಂತ ದಿನ ವಾಲ್ ಫೈಲ್‌ಗಳು ಪ್ರೈಮರಿಯ ಡಿಸ್ಕ್ ತುಂಬಿಸುತ್ತವೆ. ರೆಪ್ಲಿಕಾ ಸತ್ತದ್ದಕ್ಕೆ ಪ್ರೈಮರಿಯೂ ಸಾಯಬಾರದು. `max_slot_wal_keep_size` ಡೀಫಾಲ್ಟ್ -1, ಅಂದರೆ ಮಿತಿಯೇ ಇಲ್ಲ. ಅದಕ್ಕೊಂದು ಮಿತಿ ಹಾಕಿ. ನಾನಾದರೆ ಸ್ಲಾಟ್ ಬಿಟ್ಟು ವಾಲ್ ಆರ್ಕೈವ್ ಬೇರೆ ಕಡೆ ಇಡುತ್ತೇನೆ, ಸ್ಟ್ಯಾಂಡ್‌ಬೈ ಅಲ್ಲಿಂದ ಎತ್ತಿಕೊಳ್ಳಲಿ.

ಉದಯ ಧಾರವಾಡ

ಇಬ್ಬರ ಕಂಪನಿಗೆ ಆರ್ಕೈವ್ ಯಾರ್ ನೋಡ್ಕೊಳ್ಳಾಕ? ಅದೂ ಒಂದಿನ ತುಂಬತದ, ಅದಕ್ಕೂ ಒಬ್ಬ ಕಾವಲುಗಾರ ಬೇಕು. 20 ಜಿಬಿ ಮಿತಿ ಹಾಕಿ ಸ್ಲಾಟ್ ಇಟ್ಟು ಬಿಡ್ರಿ.

ಗಿಣ್ಣು

ಸದ್ಯಕ್ಕೆ ಸ್ಲಾಟ್, 20 ಜಿಬಿ ಮಿತಿ. ಡಿಸ್ಕಿನಲ್ಲಿ 70 ಜಿಬಿ ಖಾಲಿ ಇದೆ. ಆರ್ಕೈವ್ ಬಗ್ಗೆ ಮುಂದಿನ ತಿಂಗಳು ಬೇರೆ ಥ್ರೆಡ್ ಹಾಕುತ್ತೇನೆ, ಆಗ ನೀವಿಬ್ಬರೂ ಅಲ್ಲೇ ಜಗಳ ಮುಂದುವರಿಸಿ. ಬ್ಯಾಕಪ್ ಸ್ಕ್ರಿಪ್ಟಿಗೆ ಕ್ಷಮೆ ಕೇಳಿದ್ದೇನೆ.

ಕಡಲತಡಿ

ನಾನು ನನ್ನ ರೆಪ್ಲಿಕಾ ಲೆಕ್ಕ ಹಾಕಿ ನೋಡಿದೆ. ಒಂದು ಟೇಬಲ್‌ನಲ್ಲಿ ಪ್ರೈಮರಿಗಿಂತ 212 ಸಾಲು ಕಡಿಮೆ ಉಂಟು. ಇದಕ್ಕೆ ಬೇರೆ ಥ್ರೆಡ್ ಮಾಡಬೇಕಾ, ಇಲ್ಲೇ ಕೇಳಬಹುದಾ?

ಮೂರನೇ ಪಾಳಿ

ಬೇರೆ ಮಾಡಿ. ಅಷ್ಟರ ತನಕ ಆ ರೆಪ್ಲಿಕಾದಿಂದ ಯಾವ ವರದಿಯನ್ನೂ ತೆಗೆಯಬೇಡಿ.

ಭದ್ರಾ

ಇದೇ ಹೊತ್ತಿನಲ್ಲಿ ನನ್ನದೂ ಒಂದು. ನಮ್ಮದೂ ಬಹುಶಃ ಅದೇ ಕಂಪನಿ, ಅಂಥದ್ದೇ ನೋಟಿಸ್ ಬಂದಿತ್ತು. ನಾವು ಪ್ರೈವೇಟ್ ನೆಟ್‌ವರ್ಕ್ ಮೇಲೆ ವೈರ್‌ಗಾರ್ಡ್ ಓಡಿಸುತ್ತೇವೆ, ಎಂಟಿಯು 1420. ಎಸ್‌ಎಸ್‌ಎಚ್ ಆಗುತ್ತದೆ, ದೊಡ್ಡ ಫೈಲ್ ಕಾಪಿ ಮಾತ್ರ ಆಗಾಗ ನಿಲ್ಲುತ್ತಿದೆ. ಡಿಸ್ಕ್ ಅಂದುಕೊಂಡಿದ್ದೆ.

ಮೂರನೇ ಪಾಳಿ

1420 ಅನ್ನುವುದು ಕೆಳಗೆ 1500 ಇದೆ ಅಂತ ನಂಬಿ ಇಟ್ಟ ಸಂಖ್ಯೆ, 80 ಕಳೆದು. ಕೆಳಗೆ 1450 ಆದರೆ 1370 ಹಾಕಿ ನೋಡಿ. ಅದಕ್ಕೂ ಮೊದಲು ಸುರಂಗದ ಹೊರಗಿನ ವಿಳಾಸಕ್ಕೆ ಆ ಎರಡು ಪಿಂಗ್ ಓಡಿಸಿ ಇಲ್ಲಿ ಹಾಕಿ.